ಕೈಜೆನ್ ಮಾಡುವುದು ಹೇಗೆ, ಅದು ಸಾಮಾನ್ಯ ಸುಧಾರಣೆಗಿಂತ ಎಲ್ಲಿ ಬೇರೆ?

ನಮ್ಮ ಅನೇಕ ಕಾರ್ಖಾನೆಗಳ ಗೋಡೆಯ ಮೇಲೆ ಒಂದು ಕೈಜೆನ್ ಬೋರ್ಡ್ ಇರುತ್ತದೆ. ಅದರ ಎಡಭಾಗದಲ್ಲಿ ‘ಮೊದಲು’ ಎಂಬ ಫೋಟೋ, ಬಲಭಾಗದಲ್ಲಿ ‘ನಂತರ’ ಎಂಬ ಫೋಟೋ, ಕೆಳಗೆ ಸಲಹೆ ಕೊಟ್ಟವರ ಹೆಸರು. ಆ ಬೋರ್ಡಿನ ಮುಂದೆ ನಿಂತು ಎರಡು ಪ್ರಶ್ನೆ ಕೇಳಿ ನೋಡಬಹುದು. ಬದಲಾವಣೆಗೆ ಮೊದಲು ಆ ಕೆಲಸವನ್ನು ಮಾಡಬೇಕಾದ ಕ್ರಮ ಯಾವುದೆಂದು ಎಲ್ಲಾದರೂ ಬರೆದಿತ್ತೇ? ಈಗ ಮೂರು ತಿಂಗಳಾದ ಮೇಲೆ, ಮೂರೂ ಪಾಳಿಯವರು ಹೊಸ ಕ್ರಮದಲ್ಲೇ ಕೆಲಸ ಮಾಡುತ್ತಿದ್ದಾರೆಯೇ? ಎರಡಕ್ಕೂ ಉತ್ತರ ಸಿಗದಿದ್ದರೆ ಅಲ್ಲಿ ಏನೋ ಒಂದು ಬದಲಾಗಿದೆ, ಬಹುಶಃ ಒಳ್ಳೆಯದೇ ಆಗಿದೆ. ಆದರೆ ಜಪಾನಿನ ಕಾರ್ಖಾನೆಗಳು ಯಾವ ಅರ್ಥದಲ್ಲಿ ಆ ಪದವನ್ನು ಬಳಸುತ್ತವೆಯೋ ಆ ಅರ್ಥದಲ್ಲಿ ಅದು ಕೈಜೆನ್ ಅಲ್ಲ. ಈ ವ್ಯತ್ಯಾಸ ಏನೆಂಬುದನ್ನೂ, ಒಂದು ಕೆಲಸದ ಮೇಲೆ ಕೈಜೆನ್ ಮಾಡುವ ಬಗೆಯನ್ನೂ ಒಂದು ಉದಾಹರಣೆಯನ್ನು ಕೊನೆಯವರೆಗೆ ಹಿಡಿದುಕೊಂಡು ಇಲ್ಲಿ ವಿವರಿಸಿದ್ದೇನೆ.

ಪದದ ಅರ್ಥ, ಅದರ ನೆಂಟರು

ಕೈಜೆನ್ ಎಂಬುದು ಎರಡು ಅಕ್ಷರಗಳ ಪದ. ‘ಕೈ’ ಎಂದರೆ ಬದಲಿಸುವುದು, ‘ಜೆನ್’ ಎಂದರೆ ಒಳಿತು. ಜಪಾನೀ ಭಾಷೆಯಲ್ಲಿ ಇದು ಕಾರ್ಖಾನೆಯಲ್ಲಿ ಹುಟ್ಟಿದ ಪದವಲ್ಲ. ಸಂಬಳ ಮತ್ತು ಕೆಲಸದ ಸ್ಥಿತಿಗತಿ ಉತ್ತಮವಾಗುವುದಕ್ಕೂ, ದೇಹದ ಪ್ರಕೃತಿ ಸರಿಹೋಗುವುದಕ್ಕೂ ಅಲ್ಲಿನ ಜನ ಇದೇ ಪದವನ್ನು ಬಳಸುತ್ತಾರೆ. ಆದ್ದರಿಂದಲೇ ಕಾರ್ಖಾನೆಯ ವಿಶೇಷ ಅರ್ಥವನ್ನು ಬೇರೆ ಮಾಡಿ ತೋರಿಸಬೇಕಾದಾಗ ಜಪಾನಿನಲ್ಲಿ ಇದನ್ನು ಮಾಮೂಲಿನ ಚಿತ್ರಾಕ್ಷರಗಳಲ್ಲಿ ಬರೆಯದೆ, ಪರಭಾಷೆಯ ಪದಗಳಿಗೆ ಬಳಸುವ ಕತಾಕಾನಾ ಲಿಪಿಯಲ್ಲಿ ಬರೆಯುವ ರೂಢಿ ಬಂದಿದೆ.

ಇದರ ಅಕ್ಕಪಕ್ಕದ ಪದಗಳನ್ನು ನೋಡಿದರೆ ಅರ್ಥ ಇನ್ನಷ್ಟು ಸ್ಪಷ್ಟವಾಗುತ್ತದೆ. ‘ಕೈರ್ಯೋ’ ಎಂದರೆ ಒಂದು ವಸ್ತುವನ್ನು ಮೊದಲಿಗಿಂತ ಉತ್ತಮಪಡಿಸುವುದು. ಬೆಳೆಯ ಸುಧಾರಿತ ತಳಿಗೆ ಜಪಾನೀಯರು ಈ ಪದವನ್ನು ಬಳಸುತ್ತಾರೆ. ‘ಕೈಕಾಕು’ ಎಂದರೆ ಬುಡದಿಂದಲೇ ಮಾಡುವ ದೊಡ್ಡ ಬದಲಾವಣೆ. ‘ಕೈಆಕು’ ಎಂಬ ನಾಲ್ಕನೆಯ ಪದವೂ ಇದೆ. ಅದು ಕೆಡುಕಿನ ಕಡೆಗೆ ಆದ ಬದಲಾವಣೆ, ಅಂದರೆ ಸುಧಾರಣೆಯ ಹೆಸರಿನಲ್ಲಿ ಬಂದು ಯಾರದ್ದೋ ಪಾಡನ್ನು ಇನ್ನಷ್ಟು ಬಿಗಡಾಯಿಸುವಂಥದ್ದು. ಕೈಜೆನ್ ಕಲಿಸುವವರು ಈ ಕೊನೆಯ ಪದವನ್ನೂ ಜೊತೆಗೇ ಕಲಿಸಬೇಕೆಂದು ನನಗೆ ಅನಿಸುತ್ತದೆ, ಏಕೆಂದರೆ ಕೆಲಸದ ಜಾಗದಲ್ಲಿ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಆ ಜಾತಿಯವೇ.

ಈ ಪದ್ಧತಿಯ ಬೇರುಗಳಲ್ಲಿ ಒಂದು ಅಮೆರಿಕದ್ದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕ ತನ್ನ ಕಾರ್ಖಾನೆಗಳ ಸೂಪರ್‌ವೈಸರ್‌ಗಳಿಗೆ ನಡೆಸಿದ ತರಬೇತಿಯಲ್ಲಿ, ಕೆಲಸವನ್ನು ಬಿಡಿಬಿಡಿಯಾಗಿ ಬರೆದು, ಪ್ರತಿ ಅಂಶವನ್ನೂ ಪ್ರಶ್ನಿಸಿ, ಹೊಸ ವಿಧಾನ ರೂಪಿಸಿ, ಜಾರಿಗೆ ತರುವ ನಾಲ್ಕು ಹೆಜ್ಜೆಗಳ ಪಾಠವಿತ್ತು. ಯುದ್ಧಾನಂತರ ಆ ತರಬೇತಿ ಜಪಾನಿಗೆ ಬಂತು. ಟೊಯೋಟಾದ ನಿರ್ದೇಶಕರಾಗಿದ್ದ ಐಜಿ ಟೊಯೋಡಾ ಅವರು 1950ರಲ್ಲಿ ಫೋರ್ಡ್ ಕಾರ್ಖಾನೆಯನ್ನು ನೋಡಿ ಬಂದ ಮೇಲೆ, 1951ರಲ್ಲಿ, ಟೊಯೋಟಾ ಕಂಪನಿ ಕಾರ್ಮಿಕರ ಸಲಹಾ ಪದ್ಧತಿಯನ್ನು ಆರಂಭಿಸಿತು. ಅಲ್ಲಿನ ಉತ್ಪಾದನಾ ಪದ್ಧತಿಯನ್ನು ಕಟ್ಟಿದ ತಾಯಿಚಿ ಓನೊ ಅವರು ಕೈಜೆನ್‌ಗೆ ಗಟ್ಟಿ ಶಿಸ್ತನ್ನು ಕೊಟ್ಟರು. ಮಸಾಕಿ ಇಮಾಯ್ ಅವರು 1986ರಲ್ಲಿ ಇದೇ ಪದವನ್ನು ಹೆಸರಾಗಿಟ್ಟು ಇಂಗ್ಲಿಷಿನಲ್ಲಿ ಪುಸ್ತಕ ಬರೆದ ಮೇಲೆ ಅದು ಜಗತ್ತಿಗೆಲ್ಲ ಹರಡಿತು. 1990ರ ದಶಕದ ಕೊನೆಯಲ್ಲಿ ಬಿಡದಿಯಲ್ಲಿ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆ ಶುರುವಾದದ್ದರಿಂದ ಕರ್ನಾಟಕದ ಕಾರ್ಮಿಕರಿಗೂ ಈ ಪದ್ಧತಿ ಅದರ ಮೂಲ ಮನೆಯಿಂದಲೇ ಪರಿಚಯವಾಯಿತು.

ವ್ಯತ್ಯಾಸ ಎಲ್ಲಿದೆ

ಕೈಜೆನ್ ಎಂದರೆ ಸಣ್ಣ ಸಣ್ಣ ಸುಧಾರಣೆ, ಸಾಮಾನ್ಯ ಸುಧಾರಣೆ ಎಂದರೆ ದೊಡ್ಡದು ಎಂಬ ವಿವರಣೆ ಎಲ್ಲೆಡೆ ಸಿಗುತ್ತದೆ. ಅದು ಸುಳ್ಳಲ್ಲ, ಆದರೆ ಅದರಿಂದ ಕೆಲಸ ಮಾಡುವವರಿಗೆ ಯಾವ ದಾರಿಯೂ ಕಾಣುವುದಿಲ್ಲ. ನಿಜವಾದ ವ್ಯತ್ಯಾಸ ಇರುವುದು ಆರಂಭ ಮತ್ತು ಕೊನೆಯಲ್ಲಿ. ಸಾಮಾನ್ಯ ಸುಧಾರಣೆ ಒಂದು ಉಪಾಯದಿಂದ ಆರಂಭವಾಗಿ ಆ ಉಪಾಯ ಜಾರಿಯಾದಲ್ಲಿಗೆ ಮುಗಿಯುತ್ತದೆ. ಕೈಜೆನ್ ಈಗಿರುವ ಪ್ರಮಾಣಿತ ವಿಧಾನದಿಂದ, ಅಂದರೆ ಎಲ್ಲರೂ ಒಂದೇ ರೀತಿ ಮಾಡಬೇಕೆಂದು ಬರೆದಿಟ್ಟ ಕ್ರಮದಿಂದ ಆರಂಭವಾಗಿ, ಮತ್ತೊಂದು ಪ್ರಮಾಣಿತ ವಿಧಾನದಲ್ಲಿ ಮುಗಿಯುತ್ತದೆ. ಪ್ರಮಾಣಿತ ವಿಧಾನವೇ ಇಲ್ಲದ ಕಡೆ ಕೈಜೆನ್ ಸಾಧ್ಯವಿಲ್ಲ ಎಂಬುದು ಓನೊ ಅವರ ಬೋಧನೆಯ ತಿರುಳು. ಇದಕ್ಕೆ ಕಾರಣ ಸರಳವಾಗಿದೆ: ಮೂರು ಜನ ಮೂರು ರೀತಿಯಲ್ಲಿ ಮಾಡುವ ಕೆಲಸದಲ್ಲಿ ಇಂದು ಸಮಯ ಕಡಿಮೆಯಾದರೆ ಅದು ಬದಲಾವಣೆಯಿಂದ ಆಯಿತೋ, ಇಂದು ಕೂತವರು ಬೇರೆಯವರಾದದ್ದರಿಂದ ಆಯಿತೋ ತಿಳಿಯುವ ಉಪಾಯವೇ ಇಲ್ಲ.

ಎರಡನೆಯ ವ್ಯತ್ಯಾಸ ಕ್ರಮದ್ದು. ಮೊದಲು ಕೆಲಸ ಮಾಡುವ ವಿಧಾನವನ್ನು ಸರಿಪಡಿಸಬೇಕು, ಯಂತ್ರವನ್ನು ಆಮೇಲೆ ಮುಟ್ಟಬೇಕು ಎಂಬುದು ಟೊಯೋಟಾದ ನಿಯಮ. ವಿಧಾನವನ್ನು ಬದಲಿಸಿ ನೋಡಿ ಅದು ತಪ್ಪೆಂದು ಕಂಡರೆ ಮರುದಿನ ಹಿಂದಕ್ಕೆ ಹೋಗಬಹುದು. ಕೊಂಡು ತಂದ ಯಂತ್ರವನ್ನು ಹಾಗೆ ಹಿಂದಿರುಗಿಸಲು ಬರುವುದಿಲ್ಲ. ಅಲ್ಲದೆ ಕೆಟ್ಟ ವಿಧಾನದ ಮೇಲೆ ಒಳ್ಳೆಯ ಯಂತ್ರ ತಂದು ಕೂರಿಸಿದರೆ ಆ ಕೆಟ್ಟ ವಿಧಾನ ಶಾಶ್ವತವಾಗಿ ಉಳಿದುಬಿಡುತ್ತದೆ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಗೆಹರಿಸಬೇಕು. ಕೆಟ್ಟ ಬೇರಿಂಗ್ ಬದಲಿಸುವುದು, ಜಾಗ ಬದಲಾದ ಉಪಕರಣವನ್ನು ಮತ್ತೆ ಅದರ ಜಾಗದಲ್ಲಿ ಇಡುವುದು, ನಿಯಮ ಮರೆತವರಿಗೆ ನೆನಪಿಸುವುದು ಇವೆಲ್ಲ ಕೈಜೆನ್ ಅಲ್ಲ. ಇವು ಇರುವ ಮಟ್ಟವನ್ನು ಕಾಪಾಡುವ ಕೆಲಸಗಳು. ಅವು ಬೇಕೇ ಬೇಕು, ಆದರೆ ಅವುಗಳಿಂದ ಮಟ್ಟ ಏರುವುದಿಲ್ಲ.

ಮೊದಲ ಹೆಜ್ಜೆ: ಒಂದೇ ಕೆಲಸ ಆಯ್ದುಕೊಂಡು, ಈಗಿನ ವಿಧಾನವನ್ನು ಬರೆಯುವುದು

ಉದಾಹರಣೆಗೆ ಒಂದು ಸಣ್ಣ ಜೋಡಣೆ ಕೆಲಸವನ್ನು ಕಲ್ಪಿಸಿಕೊಳ್ಳೋಣ. ಮೋಟಾರಿನ ಕೆಳಗೆ ಕೂರುವ ಬ್ರಾಕೆಟ್‌ಗೆ ಒಬ್ಬ ಕೆಲಸಗಾರ್ತಿ ರಬ್ಬರ್ ಬುಷ್ ಒತ್ತಿ ಕೂರಿಸಿ, ನಾಲ್ಕು ಬೋಲ್ಟ್‌ಗಳನ್ನು ವಾಷರ್ ಸಮೇತ ಹಾಕಿ, ಬಿಗಿ ಮಾಡಿ, ಮಾರ್ಕರ್‌ನಿಂದ ಗುರುತು ಹಾಕಿ ಟ್ರೇಗೆ ಇಡುತ್ತಾರೆ. ಪಾಳಿ 480 ನಿಮಿಷದ್ದು. ಊಟಕ್ಕೆ 30 ನಿಮಿಷ, ಎರಡು ಸಲದ ಚಹಾಕ್ಕೆ 20 ನಿಮಿಷ ಕಳೆದರೆ 430 ನಿಮಿಷ ಉಳಿಯುತ್ತದೆ. ಮುಂದಿನ ವಿಭಾಗಕ್ಕೆ ದಿನಕ್ಕೆ 430 ಬ್ರಾಕೆಟ್ ಬೇಕು. ಹಾಗಾದರೆ ಸರಾಸರಿ 60 ಸೆಕೆಂಡಿಗೆ ಒಂದು ಬ್ರಾಕೆಟ್ ಹೊರಬರಬೇಕು. ಇದನ್ನು ಟಾಕ್ಟ್ ಸಮಯ ಎನ್ನುತ್ತಾರೆ. ಇದು ಕೆಲಸಗಾರರ ವೇಗದಿಂದ ಬಂದ ಸಂಖ್ಯೆಯಲ್ಲ, ಬೇಡಿಕೆಯಿಂದ ಬಂದದ್ದು ಎಂಬುದನ್ನು ಗಮನಿಸಬೇಕು. ಬೇಡಿಕೆ ಬದಲಾದರೆ ಇದೂ ಬದಲಾಗುತ್ತದೆ.

ಈಗಿನ ವಿಧಾನವನ್ನು ಅಂಶಗಳಾಗಿ ಬರೆಯಬೇಕು. ಬ್ರಾಕೆಟ್ ಎತ್ತಿಕೊಳ್ಳಲು 4 ಸೆಕೆಂಡು, ಬುಷ್ ಕೂರಿಸಲು 9, ವಾಷರ್ ಮತ್ತು ಬೋಲ್ಟ್ ಹಾಕಲು 22, ಬಿಗಿ ಮಾಡಲು 15, ನೋಡಿ ಗುರುತು ಹಾಕಲು 5, ಟ್ರೇಗೆ ಇಡಲು 3, ಒಟ್ಟು 58 ಸೆಕೆಂಡು. ಇದನ್ನು ಕೆಲಸಗಾರ್ತಿಯ ಜೊತೆ ಕೂತು ಬರೆಯಬೇಕೇ ಹೊರತು ಕಚೇರಿಯಲ್ಲಿ ಕೂತು ಬರೆಯಬಾರದು. ಏನು ಅಳೆಯುತ್ತಿದ್ದೇವೆ, ಏಕೆ ಅಳೆಯುತ್ತಿದ್ದೇವೆ ಎಂಬುದನ್ನು ಸ್ಟಾಪ್‌ವಾಚ್ ತೆಗೆಯುವ ಮೊದಲೇ ಅವರಿಗೆ ಹೇಳಬೇಕು. ಹೇಳದೆ ಅಳೆದರೆ ಅವರು ಅಂದು ಎಂದಿಗಿಂತ ನಿಧಾನವಾಗಿಯೋ ವೇಗವಾಗಿಯೋ ಕೆಲಸ ಮಾಡುತ್ತಾರೆ, ಅದು ತೀರ ಸಹಜ, ಮತ್ತು ಆ ಅಳತೆಯಿಂದ ಏನೂ ಪ್ರಯೋಜನವಿಲ್ಲ.

ಎರಡನೆಯ ಹೆಜ್ಜೆ: ಸರಾಸರಿಯನ್ನು ಬಿಟ್ಟು ಏರಿಳಿತವನ್ನು ನೋಡುವುದು

ಈಗ ಹತ್ತು ಸುತ್ತುಗಳನ್ನು ಒಂದರ ಹಿಂದೆ ಒಂದರಂತೆ ಅಳೆಯಬೇಕು. ನಮ್ಮ ಉದಾಹರಣೆಯಲ್ಲಿ ಸಿಕ್ಕ ಸಂಖ್ಯೆಗಳು ಹೀಗಿವೆ ಎಂದುಕೊಳ್ಳೋಣ: 58, 61, 57, 74, 59, 60, 58, 79, 59, 58. ಸರಾಸರಿ 62.3 ಸೆಕೆಂಡು. ಈ ಲೆಕ್ಕದಲ್ಲಿ ದಿನಕ್ಕೆ 414 ಬ್ರಾಕೆಟ್ ಮಾತ್ರ ಆಗುತ್ತವೆ, ಉಳಿದ 16ಕ್ಕಾಗಿ ಕೆಲಸಗಾರ್ತಿ ದಿನವೂ ಸುಮಾರು 17 ನಿಮಿಷ ಹೆಚ್ಚು ಹೊತ್ತು ನಿಲ್ಲಬೇಕಾಗುತ್ತದೆ.

ಸಾಮಾನ್ಯ ಸುಧಾರಣೆಯ ದಾರಿ ಇಲ್ಲಿ ಕೂಡಲೇ ಹೊಳೆಯುತ್ತದೆ. ಬಿಗಿ ಮಾಡುವ ಕೆಲಸಕ್ಕೆ ಹೆಚ್ಚು ವೇಗದ ವಿದ್ಯುತ್ ಸ್ಕ್ರೂಡ್ರೈವರ್ ತಂದರೆ 15 ಸೆಕೆಂಡಿನ ಕೆಲಸ 10 ಸೆಕೆಂಡಿಗೆ ಇಳಿಯುತ್ತದೆ; ಸರಾಸರಿ 57.3 ಆಗುತ್ತದೆ, ಕಾಗದದ ಮೇಲೆ ಸಮಸ್ಯೆ ಮುಗಿಯಿತು. ಆದರೆ ಸಂಖ್ಯೆಗಳನ್ನು ಒಂದೊಂದಾಗಿ ನೋಡಿದರೆ 74 ಇದ್ದದ್ದು 69 ಆಗಿದೆ, 79 ಇದ್ದದ್ದು 74 ಆಗಿದೆ. ಹತ್ತರಲ್ಲಿ ಎರಡು ಸಲ ಮುಂದಿನವರು ಈಗಲೂ ಕಾಯಲೇಬೇಕು. ಅವರು ಕಾಯಬಾರದೆಂದು ಮಧ್ಯೆ ಒಂದಷ್ಟು ಸಿದ್ಧ ಬ್ರಾಕೆಟ್‌ಗಳನ್ನು ಪೇರಿಸಿಡಬೇಕು, ಅದಕ್ಕೆ ಜಾಗ ಬೇಕು, ಟ್ರೇ ಬೇಕು. ಹಣ ಖರ್ಚಾಗಿದೆ, ತೊಂದರೆಯ ಕಾರಣ ಅಲ್ಲೇ ಕೂತಿದೆ.

ಕೈಜೆನ್‌ನ ಕಣ್ಣು ಮೊದಲು ಹೋಗುವುದು ಆ 74 ಮತ್ತು 79ರ ಕಡೆಗೆ. ಜಪಾನಿನ ಕಾರ್ಖಾನೆಗಳಲ್ಲಿ ಮೂರು ಪದಗಳನ್ನು ಒಟ್ಟಿಗೆ ಹೇಳುತ್ತಾರೆ. ‘ಮುದಾ’ ಎಂದರೆ ವ್ಯರ್ಥ, ‘ಮುರಾ’ ಎಂದರೆ ಏರಿಳಿತ, ‘ಮುರಿ’ ಎಂದರೆ ಮನುಷ್ಯನ ಅಥವಾ ಯಂತ್ರದ ಶಕ್ತಿಗೆ ಮೀರಿದ ಹೊರೆ. ಎಲ್ಲರೂ ಮುದಾ ಹುಡುಕಲು ಹೊರಡುತ್ತಾರೆ, ಆದರೆ ಏರಿಳಿತವೇ ಅನೇಕ ಸಲ ಉಳಿದೆರಡನ್ನು ಹುಟ್ಟಿಸುತ್ತದೆ: 79 ಸೆಕೆಂಡು ಹಿಡಿದ ಸುತ್ತಿನ ನಂತರ ಕೆಲಸಗಾರ್ತಿ ಮುಂದಿನ ಸುತ್ತನ್ನು ಅವಸರದಲ್ಲಿ ಮುಗಿಸಲು ಹೋಗುತ್ತಾರೆ, ಅವಸರದಲ್ಲಿ ಒಂದು ಬೋಲ್ಟ್ ಓರೆಯಾಗಿ ಹತ್ತುತ್ತದೆ, ಆ ಬ್ರಾಕೆಟ್ ತಿರಸ್ಕೃತವಾಗುತ್ತದೆ. ಹಾಗಾಗಿ ಕಡಿಮೆ ಸಮಯದ ಸುತ್ತನ್ನು ಇನ್ನೂ ಕಡಿಮೆ ಮಾಡಲು ಹೋಗದೆ, ಹೆಚ್ಚು ಸಮಯದ ಸುತ್ತು ಏಕೆ ಹಾಗಾಯಿತೆಂದು ತಿಳಿಯುವುದು ಮೊದಲ ಕೆಲಸ.

ಮೂರನೆಯ ಹೆಜ್ಜೆ: ಕಾರಣವನ್ನು ಜಾಗದಲ್ಲೇ ನಿಂತು ಕಂಡುಕೊಳ್ಳುವುದು

ಕೆಲಸ ನಡೆಯುವ ಜಾಗಕ್ಕೆ ಜಪಾನೀಯರು ‘ಗೆಂಬಾ’ ಎನ್ನುತ್ತಾರೆ. ಅಲ್ಲಿ ಅರ್ಧ ಗಂಟೆ ಸುಮ್ಮನೆ ನಿಂತು ನೋಡಿದರೆ ನಮ್ಮ ಉದಾಹರಣೆಯ ಎರಡೂ ಕಾರಣಗಳು ಕಾಣುತ್ತವೆ. 74 ಸೆಕೆಂಡಿನ ಸುತ್ತಿನಲ್ಲಿ ಎರಡು ವಾಷರ್ ಎಣ್ಣೆಯಿಂದ ಒಂದಕ್ಕೊಂದು ಅಂಟಿಕೊಂಡಿದ್ದವು, ಅವನ್ನು ಉಗುರಿನಿಂದ ಬಿಡಿಸಬೇಕಾಯಿತು. 79 ಸೆಕೆಂಡಿನ ಸುತ್ತಿನಲ್ಲಿ ವಾಷರ್ ಬಟ್ಟಲು ಖಾಲಿಯಾಗಿತ್ತು, ಅದನ್ನು ತುಂಬಿಕೊಳ್ಳಲು ಹಿಂದಿನ ರ‍್ಯಾಕ್‌ಗೆ ಹೋಗಿ ಬರಬೇಕಾಯಿತು.

ಈಗ ಏಕೆ ಎಂದು ಕೇಳುತ್ತಾ ಹೋಗಬೇಕು. ಬಟ್ಟಲು ಏಕೆ ಅಷ್ಟು ಬೇಗ ಖಾಲಿಯಾಗುತ್ತದೆ? ಅದರಲ್ಲಿ ಸುಮಾರು 40 ವಾಷರ್ ಮಾತ್ರ ಹಿಡಿಯುತ್ತವೆ, ಅಂದರೆ ಹತ್ತು ಬ್ರಾಕೆಟ್‌ಗೆ ಸಾಕಾಗುವಷ್ಟು. ಅಷ್ಟು ಚಿಕ್ಕ ಬಟ್ಟಲು ಏಕೆ? ದೊಡ್ಡ ಡಬ್ಬಿಯಲ್ಲಿ ವಾಷರ್ ತಳಕ್ಕೆ ಇಳಿದ ಮೇಲೆ ಕೈಗೆ ಸಿಗುವುದಿಲ್ಲವೆಂದು ಕೆಲಸಗಾರ್ತಿಯೇ ಹಿಂದೊಮ್ಮೆ ಚಿಕ್ಕ ಬಟ್ಟಲು ತಂದಿಟ್ಟುಕೊಂಡಿದ್ದರು. ವಾಷರ್ ಏಕೆ ಅಂಟುತ್ತವೆ? ತುಕ್ಕು ಹಿಡಿಯದಂತೆ ಸರಬರಾಜುದಾರರು ಎಣ್ಣೆ ಹಚ್ಚುತ್ತಾರೆ, ಮತ್ತು ಬಟ್ಟಲಿನಲ್ಲಿ ಅವು ಒಂದರ ಮೇಲೊಂದು ಚಪ್ಪಟೆಯಾಗಿ ಕೂರುತ್ತವೆ.

ಐದು ಸಲ ಏಕೆ ಎಂದು ಕೇಳಬೇಕೆಂಬ ಮಾತು ಪ್ರಸಿದ್ಧವಾಗಿದೆ, ಆದರೆ ಐದು ಎಂಬ ಸಂಖ್ಯೆಗೆ ಅಂಟಿಕೊಳ್ಳಬೇಕಾಗಿಲ್ಲ. ನಾವು ನಮ್ಮ ಕೈಯಾರೆ ಬದಲಿಸಬಹುದಾದ, ಬದಲಿಸಿದರೆ ತೊಂದರೆ ಮರಳದ ಒಂದು ಕಾರಣ ಸಿಕ್ಕಾಗ ನಿಲ್ಲಬಹುದು. ‘ಕೆಲಸಗಾರರ ಅಜಾಗರೂಕತೆ’ ಎಂಬಲ್ಲಿ ಬಂದು ಉತ್ತರ ನಿಂತರೆ ಮಾತ್ರ ಪ್ರಶ್ನೆ ದಾರಿ ತಪ್ಪಿದೆ ಎಂದೇ ತಿಳಿಯಬೇಕು. ಅಜಾಗರೂಕರಾಗಿದ್ದಾಗಲೂ ತಪ್ಪಾಗದಂತೆ ಕೆಲಸವನ್ನು ಏಕೆ ಜೋಡಿಸಿಲ್ಲ ಎಂಬ ಮುಂದಿನ ಪ್ರಶ್ನೆಯನ್ನು ಕೇಳದೆ ಬಿಟ್ಟಿದ್ದೇವೆ ಎಂದರ್ಥ.

ನಾಲ್ಕನೆಯ ಹೆಜ್ಜೆ: ಮೊದಲು ವಿಧಾನ, ಆಮೇಲೆ ಉಪಕರಣ

ಪ್ರತಿಯೊಂದು ಅಂಶಕ್ಕೂ ನಾಲ್ಕು ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳುವುದು ಹಳೆಯ ಮತ್ತು ಒಳ್ಳೆಯ ಪದ್ಧತಿ: ಇದನ್ನು ಪೂರ್ತಿ ಕೈಬಿಡಬಹುದೇ, ಬೇರೊಂದರ ಜೊತೆ ಸೇರಿಸಬಹುದೇ, ಹಿಂದುಮುಂದು ಮಾಡಬಹುದೇ, ಸರಳಗೊಳಿಸಬಹುದೇ? ಕ್ರಮ ಮುಖ್ಯ, ಏಕೆಂದರೆ ಕೈಬಿಡಬಹುದಾದ ಕೆಲಸವನ್ನು ಕಷ್ಟಪಟ್ಟು ಸರಳಗೊಳಿಸಿ ಕೂರುವುದು ತುಂಬ ಸಾಮಾನ್ಯವಾದ ತಪ್ಪು.

ರ‍್ಯಾಕ್‌ಗೆ ನಡೆಯುವುದನ್ನು ಪೂರ್ತಿ ಕೈಬಿಡಬಹುದು. ಒಂದು ಗಂಟೆಗೆ 60 ಬ್ರಾಕೆಟ್, ಅಂದರೆ 240 ವಾಷರ್ ಬೇಕು. ಅಷ್ಟು ಹಿಡಿಯುವ, ಕೆಲಸಗಾರರ ಕಡೆಗೆ ಇಳಿಜಾರಾಗಿರುವ ಎರಡು ಆಳವಿಲ್ಲದ ಟ್ರೇಗಳನ್ನು ಮಾಡಿಸಿ, ಒಂದು ಖಾಲಿಯಾದಾಗ ಇನ್ನೊಂದು ಮುಂದೆ ಬರುವಂತೆ ಇಡಬಹುದು. ಟ್ರೇಯ ತಳಕ್ಕೆ ಏಣುಗಳಿರುವ ರಬ್ಬರ್ ಮ್ಯಾಟ್ ಹಾಸಿದರೆ ವಾಷರ್‌ಗಳು ಚಪ್ಪಟೆಯಾಗಿ ಕೂರದೆ ಓರೆಯಾಗಿ ನಿಲ್ಲುತ್ತವೆ, ಒಂದೊಂದೇ ಕೈಗೆ ಬರುತ್ತವೆ. ತಗಡಿನ ತುಂಡು, ಮ್ಯಾಟ್, ಅರ್ಧ ದಿನದ ಕೆಲಸ, ಇಷ್ಟೇ ಇದರ ಖರ್ಚು.

ಇಲ್ಲಿ ಕೈಆಕು ಎಂಬ ಪದವನ್ನು ನೆನಪಿಸಿಕೊಳ್ಳಬೇಕು. ಖಾಲಿ ಟ್ರೇ ತುಂಬುವವರು ಯಾರು? ಈ ಕೆಲಸಗಾರ್ತಿಯ ನಡಿಗೆಯನ್ನು ತಪ್ಪಿಸಿ, ಸಾಮಗ್ರಿ ತರುವವರ ನಡಿಗೆಯನ್ನು ಅಷ್ಟೇ ಹೆಚ್ಚಿಸಿದರೆ ನಾವು ಹೊರೆಯನ್ನು ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ಹೊರಿಸಿದಂತಾಯಿತು. ನಮ್ಮ ಉದಾಹರಣೆಯಲ್ಲಿ ಸಾಮಗ್ರಿ ತರುವವರು ಸಿದ್ಧ ಬ್ರಾಕೆಟ್ ಒಯ್ಯಲು ಹೇಗೂ ಗಂಟೆಗೊಮ್ಮೆ ಬರುತ್ತಾರೆ. ಬರುವಾಗ ತುಂಬಿದ ಟ್ರೇ ತಂದು, ಹೋಗುವಾಗ ಖಾಲಿಯದನ್ನು ಒಯ್ಯಬಹುದು. ಒಂದು ಟ್ರೇ ಒಂದು ಗಂಟೆಯದ್ದೇ ಆಗಿರಬೇಕೆಂದು ಲೆಕ್ಕ ಹಾಕಿದ್ದು ಇದಕ್ಕಾಗಿಯೇ.

ಐದನೆಯ ಹೆಜ್ಜೆ: ಪ್ರಯೋಗ, ಅಳತೆ, ಹೊಸ ಪ್ರಮಾಣ

ಬದಲಾವಣೆಯನ್ನು ಒಂದು ಪಾಳಿಯಲ್ಲಿ, ಒಂದೇ ಟೇಬಲ್ ಮೇಲೆ ಮಾಡಿ ನೋಡಬೇಕು. ಏನಾಗಬಹುದೆಂದು ಮೊದಲೇ ಬರೆದಿಟ್ಟುಕೊಳ್ಳುವುದು ಅಗತ್ಯ, ಇಲ್ಲವಾದರೆ ಬಂದ ಯಾವುದೇ ಫಲಿತಾಂಶವನ್ನು ಗೆಲುವೆಂದು ಕರೆಯುವ ಆಸೆ ಹುಟ್ಟುತ್ತದೆ. ಇಲ್ಲಿ ನಿರೀಕ್ಷೆ ಹೀಗಿರಬಹುದು: 60 ಸೆಕೆಂಡು ಮೀರಿದ ಸುತ್ತು ಒಂದೂ ಇರಬಾರದು. ಮತ್ತೆ ಹತ್ತು ಸುತ್ತು ಅಳೆದಾಗ 58, 59, 57, 60, 58, 58, 59, 57, 58, 59 ಬಂದವು ಎಂದುಕೊಳ್ಳೋಣ. ಸರಾಸರಿ 58.3. ಅತಿ ವೇಗದ ಸುತ್ತು ಮೊದಲೂ 57 ಇತ್ತು, ಈಗಲೂ 57 ಇದೆ. ಯಾರೂ ಕೈ ಬೀಸಿ ಹೆಚ್ಚು ವೇಗವಾಗಿ ಕೆಲಸ ಮಾಡಿಲ್ಲ, ಆದರೂ ದಿನದ ಬೇಡಿಕೆ ಹೊತ್ತಿಗೆ ಸರಿಯಾಗಿ ಮುಗಿಯುತ್ತದೆ. ನನ್ನ ದೃಷ್ಟಿಯಲ್ಲಿ ಕೈಜೆನ್ ಸರಿಯಾಗಿ ಆಗಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಗುರುತಿಲ್ಲ.

ಸಾಮಾನ್ಯ ಸುಧಾರಣೆ ಇಲ್ಲಿಗೆ ಮುಗಿಯುತ್ತದೆ, ಫೋಟೋ ತೆಗೆಯುತ್ತಾರೆ. ಕೈಜೆನ್‌ನ ಅರ್ಧ ಭಾಗ ಇನ್ನೂ ಉಳಿದಿದೆ. ಟ್ರೇ ಇಡುವ ಜಾಗ, ಮ್ಯಾಟ್‌ನ ಅಳತೆ, ತುಂಬುವವರು ಯಾರು, ಎಷ್ಟು ಹೊತ್ತಿಗೊಮ್ಮೆ ಎಂಬುದೆಲ್ಲ ಹೊಸ ಪ್ರಮಾಣಿತ ಹಾಳೆಯಲ್ಲಿ ದಿನಾಂಕದೊಡನೆ ಬರಬೇಕು, ಹಳೆಯ ಹಾಳೆಯನ್ನು ತೆಗೆಯಬೇಕು. ಉಳಿದ ಪಾಳಿಯವರಿಗೆ ಹಾಳೆ ತೋರಿಸಿದರೆ ಸಾಲದು. ಒಬ್ಬೊಬ್ಬರ ಜೊತೆ ನಿಂತು, ಅವರು ಹೊಸ ಕ್ರಮದಲ್ಲಿ ಕೆಲವು ಬ್ರಾಕೆಟ್ ಮಾಡಿ ಮುಗಿಸುವವರೆಗೆ ಕಲಿಸಬೇಕು. ಇದೇ ಬಗೆಯ ವಾಷರ್ ಬಳಸುವ ಬೇರೆ ಟೇಬಲ್‌ಗಳಿಗೂ ಇದನ್ನು ಹಬ್ಬಿಸಬಹುದೇ ಎಂದು ನೋಡಬೇಕು. ಅದಕ್ಕೆ ಜಪಾನಿನಲ್ಲಿ ‘ಯೊಕೊತೆನ್’ ಎಂಬ ಹೆಸರಿದೆ. ನಕಲು ಮಾಡುವುದು ಅದರ ಅರ್ಥವಲ್ಲ. ಆ ಟೇಬಲ್‌ನಲ್ಲೂ ಕಾರಣ ಇದೇ ಇದೆಯೇ ಎಂದು ಮೊದಲು ನೋಡಿ ಆಮೇಲೆ ಒಯ್ಯಬೇಕು.

ಎರಡನೆಯ ಸುತ್ತು, ಮತ್ತು ಉಳಿದ ಸಮಯದ ಪ್ರಶ್ನೆ

ಏರಿಳಿತ ತಗ್ಗಿದ ಮೇಲೆ ಮೊದಲು ಕಾಣದಿದ್ದದ್ದು ಕಾಣತೊಡಗುತ್ತದೆ. ಕೆಲಸಗಾರ್ತಿಯ ಎಡಗೈ ಪೂರ್ತಿ ಹೊತ್ತು ಬ್ರಾಕೆಟನ್ನು ಹಿಡಿದುಕೊಂಡೇ ಇರುತ್ತದೆ, ಅಂದರೆ ಮನುಷ್ಯರ ಕೈ ಅಲ್ಲಿ ಇಕ್ಕಳದ ಕೆಲಸ ಮಾಡುತ್ತಿದೆ. ಬ್ರಾಕೆಟ್ ಕೂರುವ ಆಕಾರದ ಒಂದು ಮರದ ಅಥವಾ ನೈಲಾನ್ ಹಿಡಿಕೆಯನ್ನು ಟೇಬಲ್‌ಗೆ ಬಿಗಿದರೆ ಎರಡೂ ಕೈಗಳಿಂದ ಬೋಲ್ಟ್ ಹಾಕಬಹುದು. 22 ಸೆಕೆಂಡಿನ ಅಂಶ 15ಕ್ಕೆ ಇಳಿದು ಒಟ್ಟು 51 ಸೆಕೆಂಡು ಆಯಿತು ಎಂದುಕೊಳ್ಳೋಣ. ಸ್ಕ್ರೂಡ್ರೈವರ್ ಬೇಕೇ ಎಂಬ ಪ್ರಶ್ನೆಯನ್ನು ಇಷ್ಟಾದ ಮೇಲೆ ಕೇಳಬಹುದು, ಮತ್ತು ಉತ್ತರ ಬಹುಶಃ ಬೇಡ ಎಂದೇ ಬರುತ್ತದೆ.

ಈ ಉಳಿದ 9 ಸೆಕೆಂಡುಗಳನ್ನು ಏನು ಮಾಡಬೇಕೆಂಬಲ್ಲಿ ಕೈಜೆನ್ ಮತ್ತು ಸಾಮಾನ್ಯ ಸುಧಾರಣೆ ಮತ್ತೆ ಬೇರೆ ಬೇರೆ ದಾರಿ ಹಿಡಿಯುತ್ತವೆ. 51 ಸೆಕೆಂಡಿಗೊಂದರಂತೆ ಮಾಡಿದರೆ ದಿನಕ್ಕೆ 505 ಬ್ರಾಕೆಟ್ ಆಗುತ್ತವೆ, ಲೆಕ್ಕದಲ್ಲಿ ಉತ್ಪಾದಕತೆ ಹೆಚ್ಚಿತೆಂದು ತೋರುತ್ತದೆ. ಆದರೆ ಬೇಕಿರುವುದು 430. ಉಳಿದ 75 ಮೂಲೆಯಲ್ಲಿ ರಾಶಿ ಬೀಳುತ್ತವೆ. ಇದನ್ನು ಟೊಯೋಟಾದಲ್ಲಿ ತೋರಿಕೆಯ ದಕ್ಷತೆ ಎನ್ನುತ್ತಾರೆ, ಮತ್ತು ಅಗತ್ಯಕ್ಕಿಂತ ಹೆಚ್ಚು ಉತ್ಪಾದಿಸುವುದನ್ನು ಓನೊ ಅವರು ಎಲ್ಲ ವ್ಯರ್ಥಗಳಲ್ಲಿ ಕೆಟ್ಟದ್ದೆಂದು ಪರಿಗಣಿಸಿದ್ದರು, ಏಕೆಂದರೆ ಆ ರಾಶಿ ಉಳಿದ ಎಲ್ಲ ದೋಷಗಳನ್ನು ಮರೆಮಾಡುತ್ತದೆ. ಸರಿಯಾದ ದಾರಿ ಎಂದರೆ ಅಕ್ಕಪಕ್ಕದ ಟೇಬಲ್‌ಗಳಲ್ಲಿ ಉಳಿದ ಸೆಕೆಂಡುಗಳನ್ನೂ ಕೂಡಿಸಿ, ಕೆಲಸವನ್ನು ಮರುಹಂಚಿ, ಒಬ್ಬರನ್ನು ಬೇರೆ ಉಪಯುಕ್ತ ಕೆಲಸಕ್ಕೆ ಬಿಡಿಸಿಕೊಳ್ಳುವುದು.

ಬಿಡಿಸಿಕೊಂಡವರನ್ನು ಮನೆಗೆ ಕಳುಹಿಸಿದರೆ ಕೈಜೆನ್ ಅಂದೇ ಸತ್ತಂತೆ. ತಾನು ಕೊಟ್ಟ ಸಲಹೆಯಿಂದ ಪಕ್ಕದವರ ಕೆಲಸ ಹೋಯಿತೆಂದು ಗೊತ್ತಾದ ಮೇಲೆ ಯಾರೂ ಇನ್ನೊಂದು ಸಲಹೆ ಕೊಡುವುದಿಲ್ಲ, ಕೊಡಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ. ಕೈಜೆನ್‌ಗೆ ಹಿಡಿಯುವ ಸಮಯಕ್ಕೆ ಸಂಬಳ ಕೊಡಬೇಕೆಂಬುದೂ ಇಷ್ಟೇ ಮುಖ್ಯ. ಪಾಳಿ ಮುಗಿದ ಮೇಲೆ ಸ್ವಯಂಪ್ರೇರಣೆಯ ಹೆಸರಿನಲ್ಲಿ ನಡೆಯುತ್ತಿದ್ದ ಗುಣಮಟ್ಟ ವೃತ್ತಗಳ, ಅಂದರೆ ಕೆಲಸದ ತೊಂದರೆಗಳನ್ನು ಚರ್ಚಿಸುವ ಕಾರ್ಮಿಕರ ಸಣ್ಣ ಗುಂಪುಗಳ ಸಭೆಗಳು ಟೊಯೋಟಾದಲ್ಲೂ ಇದ್ದವು. ಅಲ್ಲಿನ ಕಾರ್ಮಿಕರೊಬ್ಬರು ಅತಿಯಾದ ದುಡಿಮೆಯಿಂದ ಸತ್ತ ಪ್ರಕರಣದಲ್ಲಿ ಅಂಥ ಚಟುವಟಿಕೆಯ ಸಮಯವೂ ಕೆಲಸದ ಸಮಯವೇ ಎಂದು 2007ರಲ್ಲಿ ನಗೋಯಾ ಜಿಲ್ಲಾ ನ್ಯಾಯಾಲಯ ತೀರ್ಪು ಕೊಟ್ಟಿತು. ಕೈಜೆನ್‌ನ ತವರಿನಲ್ಲೇ ಆದ ಈ ತೀರ್ಪನ್ನು ಅದನ್ನು ಬೋಧಿಸುವವರು ಬಿಟ್ಟುಬಿಡಬಾರದು.

ಕಚೇರಿಯಲ್ಲಿ ಮಾಡುವಾಗ

ಕಚೇರಿಯ ಕೆಲಸದಲ್ಲಿ ಬ್ರಾಕೆಟ್‌ನಂತೆ ಕಣ್ಣಿಗೆ ಕಾಣುವ ವಸ್ತುವಿಲ್ಲದಿರುವುದರಿಂದ ಮೊದಲ ಹೆಜ್ಜೆಯೇ ಕಷ್ಟ. ಸರಬರಾಜುದಾರರ ಬಿಲ್ ಪಾಸಾಗುವ ಕೆಲಸವನ್ನು ತೆಗೆದುಕೊಳ್ಳೋಣ. ಮೂವರು ಗುಮಾಸ್ತರು ಮೂರು ಬಗೆಯಲ್ಲಿ ಅದನ್ನು ಮಾಡುತ್ತಿರುತ್ತಾರೆ, ಬರೆದ ಕ್ರಮ ಇರುವುದಿಲ್ಲ, ಇದ್ದರೂ ಅದು ಯಾರೂ ತೆರೆಯದ ಫೈಲಿನಲ್ಲಿರುತ್ತದೆ. ಹಾಗಾಗಿ ಇಲ್ಲಿ ಮೊದಲ ಕೆಲವು ವಾರ ಸುಧಾರಣೆಯ ಮಾತೇ ಬೇಡ. ಮೂವರೂ ಕೂತು, ಸದ್ಯಕ್ಕೆ ಒಂದೇ ಕ್ರಮವನ್ನು ಒಪ್ಪಿ ಅದರಂತೆ ನಡೆಯುವುದೇ ಕೆಲಸ.

ಆಮೇಲೆ ಸತತವಾಗಿ ಬಂದ 40 ಬಿಲ್‌ಗಳನ್ನು ಹಿಂಬಾಲಿಸಬೇಕು. ಪ್ರತಿ ಬಿಲ್‌ಗೂ ಒಂದು ಚೀಟಿ ಲಗತ್ತಿಸಿ, ಯಾರ ಟೇಬಲ್‌ಗೆ ಯಾವ ದಿನ ಬಂತು, ಯಾವ ದಿನ ಹೋಯಿತು ಎಂದು ಬರೆದರೆ ಸಾಕು. ಬಿಲ್ ಪಾಸಾಗಲು ಸರಾಸರಿ 19 ದಿನ ಹಿಡಿಯುತ್ತದೆ, ಆದರೆ ಯಾರಾದರೂ ಅದನ್ನು ಕೈಯಲ್ಲಿ ಹಿಡಿದು ಕೆಲಸ ಮಾಡಿದ ಹೊತ್ತು ಕೇವಲ 25 ನಿಮಿಷ, 40ರಲ್ಲಿ 14 ಬಿಲ್ ಹಿಂದಕ್ಕೆ ಹೋಗಿವೆ, ಅವುಗಳಲ್ಲಿ 9ಕ್ಕೆ ಕಾರಣ ಖರೀದಿ ಆದೇಶದ ಸಂಖ್ಯೆ ಇಲ್ಲದ್ದು ಎಂದು ಕಂಡಿತು ಎಂದುಕೊಳ್ಳೋಣ. ಹೊಸ ಸಾಫ್ಟ್‌ವೇರ್ ತಂದಿದ್ದರೆ ಬಿಲ್ ಎಲ್ಲಿ ನಿಂತಿದೆಯೆಂದು ಪರದೆಯ ಮೇಲೆ ಚೆನ್ನಾಗಿ ಕಾಣುತ್ತಿತ್ತು, ಆದರೆ ಸಂಖ್ಯೆಯಿಲ್ಲದ ಬಿಲ್ ಆಗಲೂ ಹಿಂದಕ್ಕೇ ಹೋಗುತ್ತಿತ್ತು. ನಮ್ಮ ಆದೇಶದ ನಮೂನೆಯನ್ನೇ ತೆಗೆದು ನೋಡಿದರೆ ಆ ಸಂಖ್ಯೆ ಪುಟದ ಕೆಳಗಡೆ, ಸಣ್ಣ ಅಕ್ಷರದಲ್ಲಿ, ಬೇರೆ ಎರಡು ಸಂಖ್ಯೆಗಳ ನಡುವೆ ಅಚ್ಚಾಗಿದೆ. ಅದನ್ನು ಮೇಲೆ ಒಂದು ಚೌಕದೊಳಗೆ ತಂದು, ಬಿಲ್‌ನಲ್ಲಿ ಇದನ್ನು ತಪ್ಪದೆ ಬರೆಯಿರಿ ಎಂದು ಪಕ್ಕದಲ್ಲಿ ಸೂಚಿಸುವುದೇ ಇಲ್ಲಿನ ಕೈಜೆನ್.

ಇಲ್ಲಿ ಎರಡು ಎಚ್ಚರ ಬೇಕು. ಸಂಖ್ಯೆಯಿಲ್ಲದ ಬಿಲ್ಲನ್ನು ಗೇಟಿನಲ್ಲೇ ತೆಗೆದುಕೊಳ್ಳಬಾರದೆಂಬ ಆದೇಶ ಹೊರಡಿಸಿದರೆ ನಮ್ಮ 19 ದಿನ ತಟ್ಟನೆ ಇಳಿಯುತ್ತದೆ, ಆದರೆ ಅದು ಕೈಆಕು: ಕಾಯುವ ದಿನಗಳು ಕಡಿಮೆಯಾಗಿಲ್ಲ, ನಮ್ಮ ಎಣಿಕೆಯಿಂದ ಹೊರಗೆ ಹೋಗಿ ಸರಬರಾಜುದಾರರ ಪಾಲಿಗೆ ಸೇರಿವೆ. ಎರಡನೆಯದಾಗಿ, ಹಳೆಯ ನಮೂನೆಯಲ್ಲಿ ಹೋದ ಆದೇಶಗಳ ಬಿಲ್‌ಗಳು ಇನ್ನೂ ಹಲವು ವಾರ ಬರುತ್ತಲೇ ಇರುತ್ತವೆ. ಅವನ್ನೂ ಸೇರಿಸಿ ಎಣಿಸಿದರೆ ಬದಲಾವಣೆ ಫಲಿಸಲಿಲ್ಲವೆಂದು ತೋರುತ್ತದೆ. ಹೊಸ ನಮೂನೆಯ ಆದೇಶಗಳ ಮೊದಲ 40 ಬಿಲ್‌ಗಳನ್ನು ಮಾತ್ರ ಬೇರೆಯಾಗಿ ಎಣಿಸಿ, ಹಳೆಯ 40ರ ಜೊತೆ ಹೋಲಿಸಬೇಕು.

ಮರಳಿ ನೋಡುವುದು

ಹೊಸ ವಿಧಾನ ಜಾರಿಯಾಗಿ 30 ದಿನವಾದಾಗ ಒಮ್ಮೆ, 90 ದಿನವಾದಾಗ ಮತ್ತೊಮ್ಮೆ ಅದೇ ಜಾಗಕ್ಕೆ ಹೋಗಿ, ಅದೇ ಹತ್ತು ಸುತ್ತುಗಳನ್ನು ಅಳೆಯಬೇಕು, ಸಾಧ್ಯವಾದರೆ ರಾತ್ರಿ ಪಾಳಿಯಲ್ಲಿ. ನಾನು ಒಂದು ಘಟಕದಲ್ಲಿ ಹೀಗೆ ಹೋದಾಗ, ಬೋರ್ಡಿನ ಮೇಲೆ ಬಹುಮಾನ ಪಡೆದ ಹಿಡಿಕೆಯೊಂದು ಟೇಬಲ್‌ನ ಕೆಳಗೆ ಬಿದ್ದಿತ್ತು. ಅಲ್ಲಿ ಪ್ರತಿಯೊಬ್ಬರೂ ತಿಂಗಳಿಗೆ ಇಷ್ಟು ಕೈಜೆನ್ ಕೊಡಲೇಬೇಕೆಂಬ ಗುರಿಯಿತ್ತು. ಸಂಖ್ಯೆ ತುಂಬಿಸುವ ಅವಸರದಲ್ಲಿ ಹೊಸದು ಬಂದಿತೇ ಹೊರತು ಹಳೆಯದನ್ನು ಯಾರೂ ಮರಳಿ ನೋಡಿರಲಿಲ್ಲ. ಕೆಲಸ ಮಾಡುತ್ತಿದ್ದವರನ್ನು ವಿಚಾರಿಸಿದಾಗ, ಬ್ರಾಕೆಟ್‌ನ ವಿನ್ಯಾಸ ಎರಡು ಮಿಲಿಮೀಟರ್ ಬದಲಾದ ದಿನದಿಂದ ಅದು ಹಿಡಿಕೆಯೊಳಗೆ ಕೂರುತ್ತಿರಲಿಲ್ಲವೆಂದು ತಿಳಿಯಿತು.

ಹೀಗೆ ಬಿಟ್ಟುಹೋದ ವಿಧಾನ ಕಂಡಾಗ ಮೊದಲು ಕೇಳಬೇಕಾದದ್ದು, ಹಾಳೆಯಲ್ಲಿ ಬರೆದಂತೆ ಕೆಲಸ ಮಾಡಲು ಈಗ ಏನು ಅಡ್ಡಿಯಾಗಿದೆ ಎಂಬುದು. ಆ ಅಡ್ಡಿಯನ್ನು ಹಾಳೆಯ ಮೇಲೆಯೇ ಪೆನ್ಸಿಲಿನಲ್ಲಿ ಬರೆದು, ಅದರ ಪಕ್ಕದಲ್ಲಿ ಅಂದಿನ ದಿನಾಂಕ ಹಾಕಬೇಕು. ಮುಂದಿನ ಸುತ್ತಿನ ಮೊದಲ ಹೆಜ್ಜೆ ಆ ಸಾಲಿನಿಂದಲೇ ಆರಂಭವಾಗುತ್ತದೆ.